ಮಿಲಿಯಿಂದ ನ್ಯಾನೋವರೆಗೆ: ನೀರಿನ ವರದಿಯಲ್ಲಿ ಹತ್ತರ ಘಾತಗಳು

ಬೀದರ ನಗರ ನಿಂತಿರುವುದು ಜಂಬಿಟ್ಟಿಗೆ ಕಲ್ಲಿನ ಪ್ರಸ್ಥಭೂಮಿಯ ಮೇಲೆ. ಬಹಮನಿ ಕಾಲದ ನೌಬಾದಿನ ಸುರಂಗ ಬಾವಿಯನ್ನು ಕೊರೆದಿರುವುದೂ ಇದೇ ಕೆಂಪು ಕಲ್ಲಿನಲ್ಲಿ. ಭಾಲ್ಕಿ ಮತ್ತು ಔರಾದ ತಾಲ್ಲೂಕುಗಳತ್ತ ಇಳಿದಂತೆ ಕಪ್ಪು ಬಸಾಲ್ಟ್ ಶಿಲೆಯೂ ಅದರ ಮೇಲಿನ ಎರೆಮಣ್ಣೂ ಕಾಣಿಸಿಕೊಳ್ಳುತ್ತವೆ. ನೀರು ಕೆಂಪು ಕಲ್ಲಿನದಾಗಲಿ ಎರೆಭೂಮಿಯ ಕೊಳವೆ ಬಾವಿಯದಾಗಲಿ, ಪ್ರಯೋಗಾಲಯಕ್ಕೆ ಹೋಗಿ ಬಂದ ಮೇಲೆ ಒಂದೇ ಬಗೆಯ ಹಾಳೆಯಾಗಿ ಕೈಗೆ ಸಿಗುತ್ತದೆ. ಆ ಹಾಳೆಯಲ್ಲಿ ಫ್ಲೋರೈಡು ಮತ್ತು ನೈಟ್ರೇಟುಗಳು ಲೀಟರಿಗೆ ಇಷ್ಟು ಮಿಲಿಗ್ರಾಂ ಎಂದೂ, ಸೀಸ ಮತ್ತು ಯುರೇನಿಯಂ ಲೀಟರಿಗೆ ಇಷ್ಟು ಮೈಕ್ರೊಗ್ರಾಂ ಎಂದೂ, ವಿದ್ಯುತ್ ವಾಹಕತೆ ಸೆಂಟಿಮೀಟರಿಗೆ ಇಷ್ಟು ಮೈಕ್ರೊಸೀಮೆನ್ಸ್ ಎಂದೂ ಬರೆದಿರುವುದುಂಟು. ಗ್ರಾಮದ ಟ್ಯಾಂಕಿನ ಅಳತೆಯಂತೂ ಕಿಲೋಲೀಟರಿನಲ್ಲಿರುತ್ತದೆ. ಈ ಮಿಲಿ, ಮೈಕ್ರೊ, ಕಿಲೋಗಳನ್ನು ಒಂದರಿಂದ ಇನ್ನೊಂದಕ್ಕೆ ಬದಲಿಸಲು ಬಾರದವರಿಗೆ ಅಲ್ಲಿರುವ ಸಂಖ್ಯೆಗಳಲ್ಲಿ ಯಾವುದು ದೊಡ್ಡದು, ಯಾವುದು ಚಿಕ್ಕದು ಎಂಬುದೇ ತಿಳಿಯುವುದಿಲ್ಲ.

ಮಾನದ ಹೆಸರಿನ ಮುಂದೆ ಸೇರುವ ಇಂಥ ಪದಭಾಗವನ್ನು ಪೂರ್ವಪ್ರತ್ಯಯ ಎನ್ನುತ್ತಾರೆ. ಗ್ರಾಂ, ಲೀಟರ್, ಮೀಟರ್ ಇವು ಮಾನಗಳು. ಕಿಲೋ, ಮಿಲಿ, ಮೈಕ್ರೊ, ನ್ಯಾನೋ ಇವು ಆ ಮಾನವನ್ನು ಎಷ್ಟು ಪಟ್ಟು ಹಿಗ್ಗಿಸಬೇಕು ಅಥವಾ ಕುಗ್ಗಿಸಬೇಕು ಎಂಬುದನ್ನು ಹೇಳುವ ಗುಣಕಗಳು. ಕಿಲೋ ಎಂದರೆ ಸಾವಿರ ಪಟ್ಟು, ಅಂದರೆ ಹತ್ತನ್ನು ಹತ್ತರಿಂದ ಗುಣಿಸುತ್ತ ಒಟ್ಟು ಮೂರು ಹತ್ತುಗಳ ಗುಣಲಬ್ಧ, 10³. ಇಲ್ಲಿ ಮೇಲೆ ಬರೆದ 3 ಎಂಬುದು ಘಾತಾಂಕ. ಮಿಲಿ ಎಂದರೆ ಸಾವಿರದಲ್ಲಿ ಒಂದು ಪಾಲು. ಭಾಗಾಕಾರವನ್ನು ಋಣ ಚಿಹ್ನೆಯಿಂದ ಸೂಚಿಸುವುದು ಗಣಿತದ ರೂಢಿಯಾದ್ದರಿಂದ ಅದು 10⁻³. ಮೈಕ್ರೊ ಹತ್ತು ಲಕ್ಷದಲ್ಲಿ ಒಂದು ಪಾಲು, 10⁻⁶. ನ್ಯಾನೋ ನೂರು ಕೋಟಿಯಲ್ಲಿ ಒಂದು ಪಾಲು, 10⁻⁹. ಪೂರ್ವಪ್ರತ್ಯಯವೇ ಇಲ್ಲದ ಬರಿಯ ಗ್ರಾಂ ಅಥವಾ ಲೀಟರಿನ ಗುಣಕ ಒಂದು. ಅದನ್ನು 10⁰ ಎಂದು ಬರೆದರೆ 3, 0, −3, −6, −9 ಎಂಬ ಸಾಲು ಪೂರ್ಣವಾಗುತ್ತದೆ. ಮೂರು ಮೂರರ ಈ ಹೆಜ್ಜೆಯನ್ನು ನೆನಪಿಟ್ಟುಕೊಂಡರೆ ಬಾಯಿಪಾಠ ಮಾಡಬೇಕಾದದ್ದು ಬೇರೇನೂ ಇಲ್ಲ.

ಹಿಂದಿನ ಅಳತೆಗಳಲ್ಲಿ ಇಂಥ ಅನುಕೂಲ ಇರಲಿಲ್ಲ. ಬ್ರಿಟಿಷ್ ಭಾರತದ ಪ್ರಮಾಣಿತ ಪದ್ಧತಿಯಲ್ಲಿ 80 ತೊಲೆಗೆ ಒಂದು ಸೇರು, 40 ಸೇರಿಗೆ ಒಂದು ಮಣ ಇದ್ದುದರಿಂದ ಪ್ರತಿ ಮೆಟ್ಟಿಲಿಗೂ ಬೇರೆ ಗುಣಕವನ್ನು ನೆನಪಿಡಬೇಕಾಗಿತ್ತು. ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ದೇಶಕ್ಕೆಲ್ಲ ಮೆಟ್ರಿಕ್ ಪದ್ಧತಿಯನ್ನು ತಂದ ತೂಕ ಮತ್ತು ಅಳತೆಗಳ ಮಾನದಂಡ ಕಾಯಿದೆಯೂ ಅದೇ ವರ್ಷದ ಕೊನೆಯಲ್ಲಿ ಬಂತು. ನ್ಯಾನೋ ಎಂಬ ಪೂರ್ವಪ್ರತ್ಯಯ ಅಂತರರಾಷ್ಟ್ರೀಯ ಮಾನ ಪದ್ಧತಿಯಲ್ಲಿ ಅಧಿಕೃತ ಸ್ಥಾನ ಪಡೆದದ್ದು ಅದಕ್ಕೂ ಈಚೆಗೆ, 1960ರಲ್ಲಿ.

ಒಂದು ಪೂರ್ವಪ್ರತ್ಯಯದಿಂದ ಇನ್ನೊಂದಕ್ಕೆ ಹೋಗುವ ನಿಯಮ ಒಂದೇ ವಾಕ್ಯದ್ದು: ಹಳೆಯ ಪೂರ್ವಪ್ರತ್ಯಯದ ಘಾತಾಂಕದಿಂದ ಹೊಸದರ ಘಾತಾಂಕವನ್ನು ಕಳೆದು, ಬಂದ ಉತ್ತರವನ್ನು ಹತ್ತರ ಮೇಲೆ ಘಾತವಾಗಿ ಇಟ್ಟು, ಅದರಿಂದ ಸಂಖ್ಯೆಯನ್ನು ಗುಣಿಸಬೇಕು. ಕುಡಿಯುವ ನೀರಿನಲ್ಲಿ ಸೀಸದ ಮಿತಿಯನ್ನು ಭಾರತೀಯ ಮಾನಕ ಸಂಸ್ಥೆಯ ಐಎಸ್ 10500 ದಾಖಲೆ ಲೀಟರಿಗೆ 0.01 ಮಿಲಿಗ್ರಾಂ ಎಂದು ಬರೆಯುತ್ತದೆ. ಪ್ರಯೋಗಾಲಯದ ವರದಿ ಮೈಕ್ರೊಗ್ರಾಂನಲ್ಲಿದ್ದರೆ ಈ ಮಿತಿಯನ್ನೂ ಮೈಕ್ರೊಗ್ರಾಂಗೆ ತರಬೇಕಾಗುತ್ತದೆ. ಹಳೆಯದು ಮಿಲಿ, ಘಾತಾಂಕ −3, ಹೊಸದು ಮೈಕ್ರೊ, ಘಾತಾಂಕ −6, ಕಳೆದಾಗ

−3 − (−6) = +3

ಎಂದು ಬರುವುದರಿಂದ 0.01ನ್ನು 10³ರಿಂದ ಗುಣಿಸಿದರೆ ಮಿತಿ ಲೀಟರಿಗೆ 10 ಮೈಕ್ರೊಗ್ರಾಂ ಎಂದಾಗುತ್ತದೆ. ಉತ್ತರ ಸರಿಯೇ ಎಂದು ನೋಡಿಕೊಳ್ಳುವ ಬಗೆಯೂ ಸುಲಭ: ಮಾನ ಚಿಕ್ಕದಾದರೆ ಸಂಖ್ಯೆ ದೊಡ್ಡದಾಗಲೇಬೇಕು, ಮಾನ ದೊಡ್ಡದಾದರೆ ಸಂಖ್ಯೆ ಚಿಕ್ಕದಾಗಲೇಬೇಕು. ಮೈಕ್ರೊ ಮಿಲಿಗಿಂತ ಚಿಕ್ಕದು, 0.01 ಎಂಬುದು 10 ಆಗಿ ಬೆಳೆದಿದೆ, ದಿಕ್ಕು ಸರಿಯಾಗಿದೆ. ಶಾಲೆಗಳಲ್ಲಿ ದಶಮಾಂಶ ಬಿಂದುವನ್ನು ಎಡಕ್ಕೋ ಬಲಕ್ಕೋ ಮೂರು ಮನೆ ಸರಿಸುವ ವಿಧಾನವನ್ನೇ ಹೆಚ್ಚಾಗಿ ಕಲಿಸಲಾಗುತ್ತದೆ. ಆ ವಿಧಾನ ತಪ್ಪಲ್ಲ, ಆದರೆ ಎಡ ಯಾವುದಕ್ಕೆ, ಬಲ ಯಾವುದಕ್ಕೆ ಎಂಬುದು ಕೆಲವೇ ದಿನಗಳಲ್ಲಿ ಮರೆತುಹೋಗುತ್ತದೆ; ಘಾತಾಂಕ ಬರೆದು ಕಳೆಯುವವರಿಗೆ ದಿಕ್ಕನ್ನು ಆ ಚಿಹ್ನೆಯೇ ಹೇಳಿಕೊಡುತ್ತದೆ.

ಎರಡು ಪೂರ್ವಪ್ರತ್ಯಯಗಳು ಒಂದೇ ಲೆಕ್ಕದಲ್ಲಿ ಎದುರಾದಾಗ ಈ ಪದ್ಧತಿಯ ಲಾಭ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಔರಾದ ತಾಲ್ಲೂಕಿನ ಒಂದು ಗ್ರಾಮದಲ್ಲಿ ಒಳ ಅಳತೆ 5 ಮೀಟರ್ ಉದ್ದ, 5 ಮೀಟರ್ ಅಗಲ, 2 ಮೀಟರ್ ಆಳದ ಓವರ್‌ಹೆಡ್ ಟ್ಯಾಂಕ್ ಇದೆಯೆಂದೂ, ಅದಕ್ಕೆ ನೀರುಗಂಟಿ ಬ್ಲೀಚಿಂಗ್ ಪೌಡರ್ ಹಾಕಬೇಕಾಗಿದೆಯೆಂದೂ ಭಾವಿಸಬಹುದು. ಟ್ಯಾಂಕಿನ ಗಾತ್ರ 50 ಘನ ಮೀಟರ್. ಒಂದು ಘನ ಮೀಟರಿನಲ್ಲಿ ಸರಿಯಾಗಿ ಒಂದು ಕಿಲೋಲೀಟರ್ ಹಿಡಿಯುವುದರಿಂದ ತುಂಬಿದ ನೀರು 50 ಕಿಲೋಲೀಟರ್, ಅಂದರೆ 50 × 10³ ಲೀಟರ್. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬೇಕೆಂದು ಇಟ್ಟುಕೊಂಡರೆ, ಅದು ಲೀಟರಿಗೆ 2 × 10⁻³ ಗ್ರಾಂ. ಎರಡನ್ನೂ ಗುಣಿಸುವಾಗ ಸಂಖ್ಯೆಗಳನ್ನು ಸಂಖ್ಯೆಗಳೊಡನೆ ಗುಣಿಸಿ, ಘಾತಾಂಕಗಳನ್ನು ಘಾತಾಂಕಗಳೊಡನೆ ಕೂಡಿಸಬೇಕು:

50 × 10³ × 2 × 10⁻³ = 100 × 10⁰ = 100 ಗ್ರಾಂ

ಇಲ್ಲಿ ಕಿಲೋ ಮತ್ತು ಮಿಲಿ ಒಂದನ್ನೊಂದು ಸಂಪೂರ್ಣವಾಗಿ ಅಳಿಸಿಹಾಕಿವೆ. ಹೀಗಾಗಿ ಲೀಟರಿಗೆ ಮಿಲಿಗ್ರಾಂನಲ್ಲಿರುವ ಪ್ರಮಾಣವನ್ನು ಕಿಲೋಲೀಟರಿನಲ್ಲಿರುವ ನೀರಿನಿಂದ ಗುಣಿಸಿದರೆ ಉತ್ತರ ನೇರವಾಗಿ ಗ್ರಾಂನಲ್ಲೇ ಬರುತ್ತದೆ. ನೀರು ಸರಬರಾಜಿನಲ್ಲಿ ಕೆಲಸ ಮಾಡುವವರು ಕಾಗದವಿಲ್ಲದೆ ಬಾಯಲ್ಲೇ ಮಾಡಬಹುದಾದ ಲೆಕ್ಕ ಇದು. ಇನ್ನು ಪುಡಿಯ ತೂಕ. ಬ್ಲೀಚಿಂಗ್ ಪೌಡರಿನಲ್ಲಿ ಇರುವುದೆಲ್ಲ ಕ್ಲೋರಿನ್ ಅಲ್ಲ. ತೂಕದ ನಾಲ್ಕನೇ ಒಂದು ಪಾಲು, ಅಂದರೆ ಶೇಕಡಾ 25ರಷ್ಟು ಮಾತ್ರ ಉಪಯೋಗಕ್ಕೆ ಬರುವ ಕ್ಲೋರಿನ್ ಎಂದಿಟ್ಟುಕೊಂಡರೆ 100 ಗ್ರಾಂಗಾಗಿ 400 ಗ್ರಾಂ ಪುಡಿ ತೂಗಬೇಕು. ಬಿಸಿಲಿನಲ್ಲಿ, ತೇವದಲ್ಲಿ, ಬಾಯಿ ತೆರೆದ ಚೀಲದಲ್ಲಿ ಇಟ್ಟ ಪುಡಿಯ ಸತ್ವ ಇದಕ್ಕೂ ಕೆಳಗಿಳಿಯುತ್ತದೆ. ಬೀದರ ಜಿಲ್ಲೆಯ ಬೇಸಿಗೆಯಲ್ಲಿ ಹಳೆಯ ಚೀಲವನ್ನು ನಂಬಿ ಲೆಕ್ಕ ಹಾಕುವುದು ಸರಿಯಲ್ಲ.

ತಪ್ಪು ಎಲ್ಲಿ ನುಸುಳುತ್ತದೆ ಎಂಬುದನ್ನೂ ಇದೇ ಉದಾಹರಣೆ ತೋರಿಸುತ್ತದೆ. ಮಿಲಿಯನ್ನು ಮರೆತು ಲೀಟರಿಗೆ 2 ಗ್ರಾಂ ಎಂದು ಓದಿದವರ ಉತ್ತರ 400 ಕಿಲೋಗ್ರಾಂ ಪುಡಿ. ಅಷ್ಟನ್ನು ಒಂದು ಟ್ಯಾಂಕಿಗೆ ಸುರಿಯಲು ಯಾರೂ ಮುಂದಾಗುವುದಿಲ್ಲವಾದ್ದರಿಂದ ಈ ತಪ್ಪು ತಾನಾಗಿಯೇ ಹೊರಬೀಳುತ್ತದೆ. ಕಿಲೋವನ್ನು ಮರೆತು ಟ್ಯಾಂಕಿನಲ್ಲಿ 50 ಲೀಟರ್ ಇದೆಯೆಂಬಂತೆ ಲೆಕ್ಕ ಹಾಕಿದವರ ಉತ್ತರವಾದರೋ 0.4 ಗ್ರಾಂ, ಅಂದರೆ ಒಂದು ಚಿಟಿಕೆ. ಅಪಾಯಕಾರಿಯಾದದ್ದು ಈ ಎರಡನೆಯ ತಪ್ಪು, ಏಕೆಂದರೆ ಪುಡಿ ಹಾಕಿದ ದಾಖಲೆ ಪುಸ್ತಕದಲ್ಲಿರುತ್ತದೆ, ನೀರು ಮಾತ್ರ ಮೊದಲಿನಂತೆಯೇ ಇರುತ್ತದೆ. ಇದನ್ನು ಪತ್ತೆಹಚ್ಚುವುದು ಕ್ಲೋರೋಸ್ಕೋಪಿನ ಪರೀಕ್ಷೆ: ಪುಡಿ ಬೆರೆಸಿ ಅರ್ಧ ಗಂಟೆಯ ನಂತರ ನಲ್ಲಿಯ ನೀರಿಗೆ ಕಾರಕದ ಹನಿಗಳನ್ನು ಹಾಕಿದಾಗ ಮೂಡುವ ಹಳದಿ ಬಣ್ಣವನ್ನು ಪಟ್ಟಿಯ ಬಣ್ಣದೊಡನೆ ಹೋಲಿಸಿದರೆ ಉಳಿಕೆ ಕ್ಲೋರಿನ್ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಚಿಟಿಕೆ ಪುಡಿ ಬಿದ್ದ ಟ್ಯಾಂಕಿನ ನೀರಿನಲ್ಲಿ ಬಣ್ಣವೇ ಮೂಡುವುದಿಲ್ಲ.

ಮಾನದ ಮೇಲೆ ವರ್ಗ ಅಥವಾ ಘನದ ಗುರುತು ಬಂದಾಗ ಕಲಿತವರೂ ಎಡವುತ್ತಾರೆ, ಆದ್ದರಿಂದ ಅಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುವುದು ಅಗತ್ಯ. ಭಾಲ್ಕಿ ತಾಲ್ಲೂಕಿನ ಕಾರಂಜಾ ಜಲಾಶಯದ ಸಾಮರ್ಥ್ಯವನ್ನು 7.69 ಟಿಎಂಸಿ ಎಂದು ಹೇಳಲಾಗುತ್ತದೆ. ಒಂದು ಟಿಎಂಸಿ ಎಂದರೆ ಸಾವಿರ ಮಿಲಿಯನ್ ಘನ ಅಡಿ, 10⁹ ಘನ ಅಡಿ. ಮೆಟ್ರಿಕ್ ಅಳತೆಯಲ್ಲಿ ಅದು ಸುಮಾರು 2.83 × 10⁷ ಘನ ಮೀಟರ್. 7.69ರಿಂದ ಗುಣಿಸಿದಾಗ ಜಲಾಶಯ ಹಿಡಿಯುವ ನೀರು ಸುಮಾರು 2.18 × 10⁸ ಘನ ಮೀಟರ್. ಇದನ್ನು ಘನ ಕಿಲೋಮೀಟರಿಗೆ ತರಲು ಹೊರಟವರು ಕಿಲೋ ಎಂದರೆ ಸಾವಿರ ಎಂದುಕೊಂಡು 10³ರಿಂದ ಭಾಗಿಸಿದರೆ 2.18 × 10⁵, ಅಂದರೆ ಎರಡು ಲಕ್ಷಕ್ಕೂ ಹೆಚ್ಚು ಘನ ಕಿಲೋಮೀಟರ್ ಬರುತ್ತದೆ. ಬೀದರ ಜಿಲ್ಲೆಯ ವಿಸ್ತೀರ್ಣ ಸುಮಾರು 5,448 ಚದರ ಕಿಲೋಮೀಟರ್. ಆ ಉತ್ತರವನ್ನು ನಂಬಿದರೆ ಕಾರಂಜಾದ ನೀರು ಇಡೀ ಜಿಲ್ಲೆಯ ಮೇಲೆ 40 ಕಿಲೋಮೀಟರ್ ಎತ್ತರಕ್ಕೆ ನಿಲ್ಲಬೇಕಾಗುತ್ತದೆ. ತಪ್ಪಿನ ಕಾರಣ ಇಷ್ಟೇ: ಘನ ಕಿಲೋಮೀಟರ್ ಎಂಬಲ್ಲಿ ಘನದ ಗುರುತು ಮೀಟರಿಗೆ ಮಾತ್ರ ಸಲ್ಲದೆ ಕಿಲೋಗೂ ಸಲ್ಲುತ್ತದೆ. ಉದ್ದ, ಅಗಲ, ಆಳ ಮೂರೂ ಕಿಲೋಮೀಟರಿನಲ್ಲಿರುವುದರಿಂದ ಸಾವಿರ ಮೂರು ಸಲ ಬರುತ್ತದೆ:

1 km³ = (10³ m)³ = 10⁹ m³

ಆದ್ದರಿಂದ ಭಾಗಿಸಬೇಕಾದದ್ದು 10⁹ರಿಂದ, ಸರಿಯಾದ ಉತ್ತರ ಸುಮಾರು 0.218 ಘನ ಕಿಲೋಮೀಟರ್. ಇದನ್ನು ಜಿಲ್ಲೆಯ ವಿಸ್ತೀರ್ಣದಿಂದ ಭಾಗಿಸಿದರೆ ಆಳ 4 × 10⁻⁵ ಕಿಲೋಮೀಟರ್. ಕಿಲೋದ ಘಾತಾಂಕ 3, ಮಿಲಿಯದು −3, ವ್ಯತ್ಯಾಸ 6. 10⁶ರಿಂದ ಗುಣಿಸಿದರೆ 40 ಮಿಲಿಮೀಟರ್. ತುಂಬಿದ ಕಾರಂಜಾ ಜಲಾಶಯವನ್ನು ಜಿಲ್ಲೆಯ ಮೇಲೆ ಸಮನಾಗಿ ಹರಡಿದರೆ ಒಂದು ದಿನದ ಜೋರು ಮಳೆಯಷ್ಟು ನೀರು. ನಂಬಬಹುದಾದ ಉತ್ತರಕ್ಕೂ ನಂಬಲಾಗದ ಉತ್ತರಕ್ಕೂ ನಡುವೆ ಇದ್ದದ್ದು 10⁶, ಅಂದರೆ ಮರೆತುಹೋದ ಎರಡು ಕಿಲೋಗಳು.

ಪೂರ್ವಪ್ರತ್ಯಯ ಭಾಗಾಕಾರದ ಕೆಳಗೂ ಕುಳಿತಿರುವುದುಂಟು. ನೀರಿನಲ್ಲಿ ಕರಗಿದ ಲವಣ ಹೆಚ್ಚಾದಷ್ಟೂ ಅದರ ಮೂಲಕ ವಿದ್ಯುತ್ ಸುಲಭವಾಗಿ ಹರಿಯುತ್ತದೆ. ಆ ಗುಣವನ್ನು ವಿದ್ಯುತ್ ವಾಹಕತೆ ಎಂದೂ, ಅದರ ಮಾನವನ್ನು ಮೀಟರಿಗೆ ಸೀಮೆನ್ಸ್ ಎಂದೂ ಕರೆಯುತ್ತಾರೆ. ಕುಡಿಯುವ ನೀರಿನ ವರದಿಯಲ್ಲಿ ಇದು ಸೆಂಟಿಮೀಟರಿಗೆ ಮೈಕ್ರೊಸೀಮೆನ್ಸ್ ಲೆಕ್ಕದಲ್ಲಿ ಬಂದರೆ, ಮಣ್ಣು ಮತ್ತು ನೀರಾವರಿಯ ಶಿಫಾರಸುಗಳು ಮೀಟರಿಗೆ ಡೆಸಿಸೀಮೆನ್ಸ್ ಲೆಕ್ಕದಲ್ಲಿರುತ್ತವೆ. ಡೆಸಿ ಎಂದರೆ ಹತ್ತರಲ್ಲಿ ಒಂದು, 10⁻¹; ಸೆಂಟಿ ಎಂದರೆ ನೂರರಲ್ಲಿ ಒಂದು, 10⁻². ಇವೆರಡೂ ಮೂರು ಮೂರರ ಹೆಜ್ಜೆಯ ಹೊರಗಿನವು. ಭಾಲ್ಕಿಯ ಕಬ್ಬು ಬೆಳೆಗಾರರೊಬ್ಬರ ಕೊಳವೆ ಬಾವಿಯ ವರದಿಯಲ್ಲಿ ಸೆಂಟಿಮೀಟರಿಗೆ 1,450 ಮೈಕ್ರೊಸೀಮೆನ್ಸ್ ಎಂದಿದ್ದರೆ, ಮೇಲಿನದನ್ನೂ ಕೆಳಗಿನದನ್ನೂ ಮೊದಲು ಬರಿಯ ಸೀಮೆನ್ಸ್ ಮತ್ತು ಮೀಟರಿಗೆ ತರಬೇಕು:

1450 × 10⁻⁶ ÷ 10⁻² = 1450 × 10⁻⁴ = 0.145

ಭಾಗಿಸುವಾಗ ಘಾತಾಂಕಗಳನ್ನು ಕಳೆಯುವುದರಿಂದ −6 − (−2) = −4 ಆಗಿದೆ. ಮೀಟರಿಗೆ 0.145 ಸೀಮೆನ್ಸ್ ಎಂಬುದನ್ನು ಡೆಸಿಗೆ ತರಲು 10¹ರಿಂದ ಗುಣಿಸಿದರೆ ಮೀಟರಿಗೆ 1.45 ಡೆಸಿಸೀಮೆನ್ಸ್. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ಮಾರ್ಗಸೂಚಿಯಲ್ಲಿ 0.7ರ ಒಳಗಿನ ನೀರನ್ನು ಯಾವ ನಿರ್ಬಂಧವೂ ಇಲ್ಲದೆ ಹೊಲಕ್ಕೆ ಹಾಯಿಸಬಹುದು, 0.7ರಿಂದ 3ರವರೆಗಿನ ನೀರಿಗೆ ಎಚ್ಚರಿಕೆ ಬೇಕು, 3ಕ್ಕಿಂತ ಮೇಲಿನದಕ್ಕೆ ತೀವ್ರ ನಿರ್ಬಂಧ ಎಂದಿದೆ. 1,450 ಎಂಬ ಸಂಖ್ಯೆಯನ್ನೇ 3ರೊಡನೆ ಹೋಲಿಸಿದವರು ಬಾವಿಯನ್ನೇ ಕೈಬಿಟ್ಟಾರು, 1.45 ಎಂದು ಅರಿತವರು ಎರೆಮಣ್ಣಿನಲ್ಲಿ ನೀರು ಬಸಿದುಹೋಗುವಂತೆ ನೋಡಿಕೊಂಡು ಬೇಸಾಯ ಮುಂದುವರಿಸುತ್ತಾರೆ.

ನ್ಯಾನೋ ಎಂಬುದು ವರದಿಯ ಹಾಳೆಗಿಂತ ಪ್ರಯೋಗಾಲಯದ ಒಳಗೇ ಹೆಚ್ಚು ಬಳಕೆಯಲ್ಲಿದೆ. ನೀರಿನಲ್ಲಿ ಮಲಮೂಲದ ಬ್ಯಾಕ್ಟೀರಿಯಾ ಇದೆಯೇ ಎಂದು ನೋಡಲು 0.45 ಮೈಕ್ರೊಮೀಟರ್ ರಂಧ್ರಗಳ ಪೊರೆಯ ಮೂಲಕ ನೀರನ್ನು ಸೋಸುತ್ತಾರೆ. ಮೈಕ್ರೊದಿಂದ ನ್ಯಾನೋಗೆ −6 − (−9) = 3, ಹಾಗಾಗಿ ರಂಧ್ರ 450 ನ್ಯಾನೋಮೀಟರ್. ಇ. ಕೋಲಿ ಬ್ಯಾಕ್ಟೀರಿಯಾ ಸುಮಾರು 2 ಮೈಕ್ರೊಮೀಟರ್, ಅಂದರೆ 2,000 ನ್ಯಾನೋಮೀಟರ್ ಉದ್ದವಿರುವುದರಿಂದ ಪೊರೆಯ ಮೇಲೆ ಉಳಿಯುತ್ತದೆ. ಪೋಲಿಯೋದ ವೈರಾಣು ಸುಮಾರು 30 ನ್ಯಾನೋಮೀಟರ್ ಮಾತ್ರವಾದ್ದರಿಂದ ನುಸುಳಿ ಹೋಗುತ್ತದೆ. ಮೂರನ್ನೂ ಒಂದೇ ಮಾನಕ್ಕೆ ತಂದು ಪಕ್ಕಪಕ್ಕದಲ್ಲಿ ಬರೆದರೆ ಪೊರೆ ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಎಂಬುದಕ್ಕೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಸಂಕೇತಗಳ ಬಗ್ಗೆಯೂ ಒಂದು ಮಾತು ಹೇಳಬೇಕಾಗಿದೆ. ಮಿಲಿಯ ಸಂಕೇತ ಚಿಕ್ಕ m, ಹತ್ತು ಲಕ್ಷ ಪಟ್ಟನ್ನು ಸೂಚಿಸುವ ಮೆಗಾದ ಸಂಕೇತ ದೊಡ್ಡ M. ಒಂದರ ಬದಲು ಇನ್ನೊಂದನ್ನು ಬರೆದರೆ ಅಂತರ 10⁹. ಮೈಕ್ರೊದ ಸಂಕೇತ ಗ್ರೀಕ್ ಅಕ್ಷರ µ. ಅವಸರದ ಕೈಬರಹದಲ್ಲಿ ಅದು m ಆಗಿ ಕಾಣುವುದರಿಂದ ಔಷಧಿಯ ಚೀಟಿಗಳಲ್ಲಿ ಮೈಕ್ರೊಗ್ರಾಂ ಅನ್ನು mcg ಎಂದು ಬರೆಯುವ ರೂಢಿ ಬೆಳೆದಿದೆ. ಥೈರಾಯ್ಡ್ ಮಾತ್ರೆಯ ಡಬ್ಬಿಯ ಮೇಲೆ 50 mcg ಎಂದಿರುವುದು 0.05 ಮಿಲಿಗ್ರಾಂ, ಅದನ್ನು 50 ಮಿಲಿಗ್ರಾಂ ಎಂದು ಓದಿದರೆ ಸಾವಿರ ಪಟ್ಟಿನ ತಪ್ಪು. ಕೆಲವು ಕಂಪ್ಯೂಟರುಗಳಲ್ಲಿ µ ಸಿಗದೆ ug/L ಎಂದು ಟೈಪು ಮಾಡಿದ ವರದಿಗಳೂ ಇರುತ್ತವೆ; ಅಲ್ಲಿನ u ಮೈಕ್ರೊವೇ.

ಪೂರ್ವಪ್ರತ್ಯಯದ ಲೆಕ್ಕ ಅತ್ಯಂತ ಅಗತ್ಯವಾಗುವುದು ವರದಿಯಲ್ಲಿ ಸಂಖ್ಯೆಯೇ ಇಲ್ಲದ ಕಡೆ. ಸೀಸದ ಎದುರು ಪತ್ತೆ ಮಿತಿಗಿಂತ ಕಡಿಮೆ ಎಂಬ ಅರ್ಥದ BDL ಎಂಬ ಮೂರಕ್ಷರ ಮಾತ್ರ ಇದ್ದರೆ ಹೆಚ್ಚಿನವರು ಸೀಸ ಇಲ್ಲವೆಂದು ತಿಳಿದು ಹಾಳೆಯನ್ನು ಮಡಚಿಡುತ್ತಾರೆ. ಆದರೆ ಪತ್ತೆ ಮಿತಿ ಎಂದರೆ ಆ ಉಪಕರಣ ಗುರುತಿಸಬಲ್ಲ ಅತಿ ಕಡಿಮೆ ಪ್ರಮಾಣ, ಮತ್ತು ಅದನ್ನು ಹಾಳೆಯ ಕೆಳಗೆ ಸಣ್ಣ ಅಕ್ಷರಗಳಲ್ಲಿ ಲೀಟರಿಗೆ 0.05 ಮಿಲಿಗ್ರಾಂ ಎಂದು ಬರೆದಿರಬಹುದು. ಅದು 50 ಮೈಕ್ರೊಗ್ರಾಂ. ಕುಡಿಯುವ ನೀರಿನ ಮಿತಿ 10 ಮೈಕ್ರೊಗ್ರಾಂ. ಅಂದರೆ ಮಿತಿಯ ನಾಲ್ಕು ಪಟ್ಟು ಸೀಸವಿದ್ದ ನೀರಿಗೂ ಇದೇ ಉಪಕರಣ ಇದೇ ಮೂರಕ್ಷರವನ್ನು ಬರೆದುಕೊಡುತ್ತದೆ. ಜ್ವಾಲೆಯನ್ನು ಬಳಸುವ ಸರಳ ಉಪಕರಣಗಳು ಸೀಸವನ್ನು ಅಳೆಯುವಾಗ ಈ ಮಟ್ಟದಲ್ಲೇ ನಿಂತುಬಿಡುತ್ತವೆ. ಗ್ರಾಫೈಟ್ ಕುಲುಮೆಯ ಉಪಕರಣ ಒಂದೆರಡು ಮೈಕ್ರೊಗ್ರಾಂವರೆಗೂ, ಐಸಿಪಿ-ಎಂಎಸ್ ಎಂಬ ದುಬಾರಿ ಯಂತ್ರ ಅದಕ್ಕೂ ಕೆಳಗೆ ನ್ಯಾನೋಗ್ರಾಂಗಳ ಮಟ್ಟಕ್ಕೂ ಇಳಿಯಬಲ್ಲವು. ಆದ್ದರಿಂದ ಬಾಟಲಿಯನ್ನು ಪ್ರಯೋಗಾಲಯಕ್ಕೆ ಒಪ್ಪಿಸುವ ಮೊದಲೇ ಅಲ್ಲಿನ ಪತ್ತೆ ಮಿತಿ ಎಷ್ಟೆಂದು ಕೇಳಿ, ಅದನ್ನು ಮೈಕ್ರೊಗ್ರಾಂಗೆ ತಿರುಗಿಸಿ ನೋಡಬೇಕು. ಉತ್ತರ 10ಕ್ಕಿಂತ ಹೆಚ್ಚು ಬಂದರೆ ಸೀಸದ ಪರೀಕ್ಷೆಗಾಗಿ ಅಲ್ಲಿ ಹಣ ಕಟ್ಟಿ ಪ್ರಯೋಜನವಿಲ್ಲ, ಮಾದರಿಯನ್ನು ಬೇರೆ ಪ್ರಯೋಗಾಲಯಕ್ಕೆ ಕಳುಹಿಸಬೇಕಾಗುತ್ತದೆ.